ಆಲೆಮನೆ ಕಾರ್ಮಿಕರ ಸರ್ವೆ: ರ‍್ಯಾಂಡಮ್ಮೋ, ಸ್ಟ್ರಾಟಿಫೈಡೋ, ಸ್ನೋಬಾಲೋ? (ಪ್ರಶ್ನೋತ್ತರ)

ರಮ್ಯ, ಮಂಡ್ಯ: ಮೇಡಂ, ಎಂ.ಎಸ್.ಡಬ್ಲ್ಯೂ. ಪ್ರಾಜೆಕ್ಟ್. ಮಂಡ್ಯ, ಮದ್ದೂರು, ಪಾಂಡವಪುರದ ಆಲೆಮನೆಗಳಲ್ಲಿ ಕೆಲಸ ಮಾಡೋ ಉತ್ತರ ಪ್ರದೇಶ, ಬಿಹಾರದವರ ಸರ್ವೆ, 60 ಜನ. ಗೈಡ್ ಸ್ಟ್ರಾಟಿಫೈಡ್ ಮಾಡು, ಗುಂಪು ಗುಂಪಾಗಿ ಒಡೆದು ಪ್ರತಿ ಗುಂಪಿಂದಲೂ ಆರಿಸು ಅಂತಾರೆ. ನನ್ನ ಹತ್ರ ಇರೋದು ಒಬ್ಬ ಮೇಸ್ತ್ರಿ ನಂಬರ್ ಅಷ್ಟೇ, ಅದಕ್ಕೆ ಒಬ್ಬರಿಂದ ಇನ್ನೊಬ್ಬರ ಹೆಸರು ಹಿಡಿದು ಹೋಗೋ ಸ್ನೋಬಾಲ್ ಅಂದ್ಕೊಂಡಿದೀನಿ. ಯಾವುದು ಸರಿ?

ಸುಮಂಗಲಾ ಮೇಡಂ, ಮೈಸೂರು: ಕಾರ್ಮಿಕರ ಹೆಸರಿನ ಪಟ್ಟಿ ಸಿಗುವುದಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಯೇ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆಗೆ ಅಂತ ಬರೆದದ್ದು. ಮೂರು ಜನರ ಆಲೆಮನೆ ಅದರ ಲೆಕ್ಕಕ್ಕೆ ಬರಲೇ ಇಲ್ಲ. ಹಾಗಾಗಿ ಮೂರು ತಾಲ್ಲೂಕಿನ ಕಾರ್ಮಿಕರಲ್ಲಿ ನೇರವಾಗಿ ಚೀಟಿ ಎತ್ತುವ ದಾರಿ ಮುಚ್ಚಿದೆ. ಆದರೆ ಆಲೆಮನೆ ಓಡಿಹೋಗುವುದಿಲ್ಲ, ಅದರ ಪಟ್ಟಿಯನ್ನು ನೀವೇ ಮಾಡಬಹುದು. ಕಬ್ಬು ಸಾಗಿಸುವ ಟ್ರ್ಯಾಕ್ಟರಿನವರನ್ನು, ಬೆಲ್ಲದ ಮಂಡಿಯವರನ್ನು ಕೇಳಿ, ಆಮೇಲೆ ಗಾಡಿಯಲ್ಲಿ ಸುತ್ತಿ ಈಗ ಗಾಣ ನಡೆಯುತ್ತಿರುವವನ್ನಷ್ಟೇ ಬರೆದುಕೊಳ್ಳಿ. ಪ್ರತಿಯೊಂದರಲ್ಲೂ ಹೊರರಾಜ್ಯದವರು ಸುಮಾರು ಎಷ್ಟು ಜನ ಅಂತ ಕೇಳಿಕೊಂಡು ಬನ್ನಿ.

ಉದಾಹರಣೆಗೆ 45 ಆಲೆಮನೆ ಸಿಕ್ಕವು ಅನ್ನಿ. 30 ಚಿಕ್ಕವು, ತಲಾ ಐದು ಜನ. 15 ದೊಡ್ಡವು, ತಲಾ ಹತ್ತು ಜನ. ಒಟ್ಟು 300. ಚಿಕ್ಕದು, ದೊಡ್ಡದು ಇವೇ ನಿಮ್ಮ ಎರಡು ಸ್ತರ. ಚಿಕ್ಕವುಗಳಲ್ಲಿ ಚೀಟಿ ಎತ್ತಿ ಹತ್ತು ಆರಿಸಿ, ಒಂದೊಂದರಲ್ಲೂ ಐವರಲ್ಲಿ ಮೂವರನ್ನು ಮತ್ತೆ ಚೀಟಿ ಎತ್ತಿಯೇ ಮಾತಾಡಿಸಿ. ದೊಡ್ಡವುಗಳಲ್ಲಿ ಆರು, ತಲಾ ಐದು ಜನ. ಆ ಕಡೆ 30, ಈ ಕಡೆ 30. ಎರಡೂ ಕಡೆ ಒಬ್ಬ ಕಾರ್ಮಿಕ ನಿಮ್ಮ ಕೈಗೆ ಸಿಗುವ ಸಾಧ್ಯತೆ ಐದರಲ್ಲಿ ಒಂದು, ಆದ್ದರಿಂದ ಶೇಕಡಾವಾರು ತೆಗೆಯುವಾಗ ತೂಕ ಕಟ್ಟುವ ಕೆಲಸ ಇಲ್ಲ. ಹೋದಾಗ ಐವರ ಬದಲು ಏಳು ಜನ ಇದ್ದರೆ ಆ ಏಳನ್ನು ತಪ್ಪದೆ ಬರೆದಿಡಿ, ಅಲ್ಲಿ ತೂಕ ಬೇಕಾಗುತ್ತದೆ.

ಕೆಲಸ ಕೆಡುವುದು ಎರಡು ಕಡೆ. ಆರಿಸಿದ ಆಲೆಮನೆ ಮುಚ್ಚಿದ್ದರೆ ಪಕ್ಕದ್ದಕ್ಕೆ ನುಗ್ಗಬಾರದು. ಮೊದಲೇ ಎತ್ತಿಟ್ಟ ಹೆಚ್ಚುವರಿ ಚೀಟಿಯದಕ್ಕೆ ಹೋಗಿ. ಒಳಗೆ ಹೋದ ಮೇಲೆ ಗಾಣದ ಮುಂದೆ ಕಂಡವರನ್ನೇ ಹಿಡಿದರೆ, ರಾತ್ರಿ ಒಲೆ ನೋಡಿಕೊಂಡು ಹಗಲು ಮಲಗಿದವರು ಬಿಟ್ಟುಹೋಗುತ್ತಾರೆ. ಮೊದಲು ಎಲ್ಲರನ್ನೂ ಎಣಿಸಿ, ಆಮೇಲೆ ಚೀಟಿ.

ಲೋಕೇಶ್, ಮದ್ದೂರು: ಇಷ್ಟೆಲ್ಲಾ ಯಾಕೆ? ಸೂತ್ರ ಇದೆಯಲ್ಲ, ಎಲ್ಲಾ ಗ್ರೂಪಲ್ಲೂ ಬಂದಿದೆ. n = N / (1 + N·e²). ಹಾಕಿದ್ರೆ ಉತ್ತರ ಬರುತ್ತೆ.

ಸುಮಂಗಲಾ ಮೇಡಂ: ಹಾಕಿ. ಒಟ್ಟು ಜನ N 300, ಒಪ್ಪಿಕೊಳ್ಳುವ ತಪ್ಪು e 0.05 ಆದರೆ ಮಾತಾಡಿಸಬೇಕಾದವರು n 171 ಬರುತ್ತದೆ. ಅವರ ಹತ್ತಿರ ಇರುವುದು 60 ಜನರಿಗಾಗುವಷ್ಟು ಸಮಯ. ಆ ಸೂತ್ರ ಎಷ್ಟು ಜನ ಅಂತ ಹೇಳುತ್ತದೆಯೇ ಹೊರತು ಯಾರು ಅಂತ ಹೇಳುವುದಿಲ್ಲ. ಪಟ್ಟಿಯಿಂದ ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸಿದ್ದೀರಿ ಅಂತ ಅದು ನಂಬಿಕೊಂಡಿರುತ್ತದೆ. ಸ್ನೋಬಾಲಿಗೆ ಅದನ್ನು ಅಂಟಿಸಿದ ರಿಪೋರ್ಟುಗಳು ವರ್ಷವರ್ಷವೂ ಬರುತ್ತಿವೆ. ದಯವಿಟ್ಟು ಅದನ್ನು ಇನ್ನು ಫಾರ್ವರ್ಡ್ ಮಾಡಬೇಡಿ.

ನಾಗರಾಜು, ಹೂಟಗಳ್ಳಿ: ಮೇಡಂ, ನಮ್ಮ ಫ್ಯಾಕ್ಟರಿ ಗುತ್ತಿಗೆ ಕಾರ್ಮಿಕರ ಹಾಜರಿ ಪಟ್ಟಿ ನನ್ನ ಹತ್ರಾನೇ ಇದೆ. ನಾನೂ ಆಲೆಮನೆ ಲೆಕ್ಕಾನೇ ಮಾಡ್ಬೇಕಾ?

ಸುಮಂಗಲಾ ಮೇಡಂ: ಬೇಡ. ಪಟ್ಟಿಯನ್ನು ವಿಭಾಗವಾರು ಒಡೆದು ನೇರ ಚೀಟಿ ಎತ್ತಿ.

ಶಿವಣ್ಣ, ಪಾಂಡವಪುರ: ರಮ್ಯ, ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬರೋರನ್ನೂ ಸೇರಿಸ್ಕೋ ಕಣವ್ವ. ಅವರೂ ವಲಸಿಗರೇ.

ಲೋಕೇಶ್: ಅವರು ಕನ್ನಡದವರು ಸರ್, ವಲಸೆ ಹೆಂಗಾಗ್ತಾರೆ?

ಶಿವಣ್ಣ: ಊರು ಬಿಟ್ಟು ಗದ್ದೆ ಬಯಲಲ್ಲಿ ಗುಡಿಸಲು ಹಾಕ್ಕೊಂಡಿರೋರು ವಲಸಿಗರಲ್ದೆ ಇನ್ನೇನಪ್ಪ? ಜನಗಣತಿಯವರು ರಾಜ್ಯದ ಒಳಗೇ ಓಡಾಡಿದೋರನ್ನೂ ಎಣಿಸ್ತಾರೆ.

ಲೋಕೇಶ್: ಜನಗಣತಿ ಬೇರೆ, ಕಾಯ್ದೆ ಬೇರೆ. ತಿಳ್ಕೊಂಡು ಮಾತಾಡಿ.

ಶಿವಣ್ಣ: ಸೂತ್ರ ಫಾರ್ವರ್ಡ್ ಮಾಡಿದಷ್ಟು ಸಲೀಸಲ್ಲ ಇದು.

ಸುಮಂಗಲಾ ಮೇಡಂ: ಇಬ್ಬರೂ ನಿಲ್ಲಿಸಿ. ರಮ್ಯ, ನಿಮ್ಮ ಸರ್ವೆಯಲ್ಲಿ ಯಾರು ಬರುತ್ತಾರೆ ಅಂತ ಮೊದಲ ಪುಟದಲ್ಲೇ ಒಂದು ವಾಕ್ಯ ಬರೆಯಿರಿ. "ಕರ್ನಾಟಕದ ಹೊರಗೆ ಹುಟ್ಟಿದ, 18 ದಾಟಿದ, ಕಳೆದ ಏಳು ದಿನದಲ್ಲಿ ಆಲೆಮನೆಯಲ್ಲಿ ಕೆಲಸ ಮಾಡಿದವರು" ಅಂದರೆ ಸಾಕು. ಕಬ್ಬು ಕಡಿಯುವವರು ಇರುವುದು ಗದ್ದೆಯಲ್ಲಿ, ಆಲೆಮನೆ ಪಟ್ಟಿಯಿಂದ ಅವರು ಸಿಗುವುದಿಲ್ಲ. ಅದು ಬೇರೆ ಸರ್ವೆ.

ರಮ್ಯ: ಮೇಡಂ, ಇವತ್ತು ಮೇಸ್ತ್ರಿಗೆ ಫೋನ್ ಮಾಡಿದ್ದೆ. ಭಾನುವಾರ 60 ಜನಾನೂ ಒಂದೇ ಕಡೆ ಕೂರಿಸ್ತೀನಿ, ಹಿಂದಿ ನಾನೇ ಹೇಳ್ತೀನಿ ಅಂದ್ರು. ಅವರ ಕಡೆಯ ಒಬ್ಬ ಹುಡುಗ ಮಾತ್ರ, ಅಡ್ವಾನ್ಸ್ ತೀರೋವರೆಗೂ ಊರಿಗೆ ಬಿಡಲ್ಲ ಅಂತ ಮೆಲ್ಲಗೆ ಹೇಳಿದ. ಅದನ್ನ ಪ್ರಶ್ನೆಪಟ್ಟಿಗೆ ಸೇರಿಸ್ಲಾ?

ಸುಮಂಗಲಾ ಮೇಡಂ: ಭಾನುವಾರ ಹೋಗಬೇಡಿ. ಇದನ್ನು ಪೂರ್ತಿ ಓದಿ.

ಮೇಸ್ತ್ರಿ ಕೂರಿಸಿದ 60 ಜನ ಸ್ನೋಬಾಲ್ ಅಲ್ಲ, ಅವರು ಆರಿಸಿಕೊಟ್ಟ 60 ಜನ. ಅದೇ ಊರಿನವರು, ಅದೇ ಅಡ್ವಾನ್ಸ್, ಅದೇ ಕೂಲಿ. ಕೂಲಿಯ ಪ್ರಶ್ನೆಗೆ 60 ಉತ್ತರ ಬಂದಂತೆ ಕಾಣುತ್ತದೆ, ನಿಜದಲ್ಲಿ ಬಂದಿರುವುದು ಒಂದು. ಅವರೇ ಹಿಂದಿ ಹೇಳಿದರೆ ಅಡ್ವಾನ್ಸ್ ಬಗ್ಗೆ ಬಾಯಿ ಬಿಡುವವರು ಯಾರು? ಬಿಟ್ಟವರಿಗೆ ಮರುದಿನ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತೂ ಆಗುವುದಿಲ್ಲ.

ಸ್ನೋಬಾಲ್ ಬೇಕೇ ಬೇಕು ಅನ್ನಿಸುವುದು ಆಲೆಮನೆ ಬಿಟ್ಟುಹೋದವರಿಗೆ. ಅವರು ಆಲೆಮನೆ ಪಟ್ಟಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಹತ್ತು–ಹನ್ನೆರಡು ಜನರನ್ನು 60ರ ಹೊರಗೆ ಬೇರೆಯಾಗಿ ಇಟ್ಟುಕೊಳ್ಳಿ. ಶುರು ಮಾಡಲು ನಾಲ್ಕು ಜನ ಬೇಕು, ನಾಲ್ವರೂ ಬೇರೆ ಬೇರೆ ಊರಿನವರು, ಬೇರೆ ಬೇರೆ ಮೇಸ್ತ್ರಿ ಕೈಕೆಳಗಿನವರು. ಒಬ್ಬರಿಂದ ಇಬ್ಬರಿಗಿಂತ ಹೆಚ್ಚು ಹೆಸರು ತೆಗೆದುಕೊಳ್ಳಬಾರದು. ಇಲ್ಲದಿದ್ದರೆ ಹೆಚ್ಚು ಗೆಳೆಯರಿರುವವನ ಬಳಗವೇ ನಿಮ್ಮ ಸರ್ವೆಯಾಗುತ್ತದೆ. ನೀವು ಅವರ ನಂಬರ್ ಕೇಳಬೇಡಿ, ನಿಮ್ಮ ನಂಬರ್ ಕಳಿಸಿ, ಇಷ್ಟವಿದ್ದವರು ಅವರಾಗಿಯೇ ಫೋನ್ ಮಾಡಲಿ. ಯಾರಿಂದ ಯಾರು ಬಂದರು ಅನ್ನುವುದನ್ನು 1, 1.1, 1.2 ಅಂತ ಸಂಖ್ಯೆಯಲ್ಲೇ ಬರೆಯಿರಿ, ಹೆಸರು ಬೇಡ. ಕೊನೆಗೆ ಸರಪಳಿವಾರು ಉತ್ತರ ಜೋಡಿಸಿ ನೋಡಿ. ಒಂದು ಸರಪಳಿಯೊಳಗೆ ಎಲ್ಲಾ ಒಂದೇ ಥರ, ಸರಪಳಿಯಿಂದ ಸರಪಳಿಗೆ ಬೇರೆ ಥರ ಇದ್ದರೆ ನಿಮಗೆ ಸಿಕ್ಕಿರುವುದು ಬಳಗಗಳ ಉತ್ತರ. ಇದರಲ್ಲಿ ಶೇಕಡಾ ಬರೆಯಬೇಡಿ, ಏನೇನು ಕಂಡಿತು ಅಂತ ಬರೆಯಿರಿ.

ಆ ಹುಡುಗ ಹೇಳಿದ್ದನ್ನು ಪ್ರಶ್ನೆಪಟ್ಟಿಗೆ ಹಾಕುವ ಮೊದಲು ಗೈಡ್ ಹತ್ತಿರ ಎದುರಿಗೆ ಕೂತು ಮಾತಾಡಿ. ಸಾಲಕ್ಕೆ ಜನರನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕೆಳಗೆ ಅಪರಾಧ. ಅದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಮಟ್ಟದಲ್ಲಿ ನೋಡಬೇಕಾದ ವಿಷಯ, ನೀವೊಬ್ಬರೇ ಹೊತ್ತುಕೊಳ್ಳಬೇಡಿ. ಅವನ ಹೆಸರು, ಊರು ಯಾವ ಹಾಳೆಯಲ್ಲೂ ಇರಬಾರದು. ಈ ಗ್ರೂಪಿನಲ್ಲೂ ಇನ್ನೇನೂ ಬರೆಯಬೇಡಿ.

ಲೋಕೇಶ್: ಸ್ನೋಬಾಲ್ ವೈಜ್ಞಾನಿಕ ಅಲ್ಲ, ವೈವಾದಲ್ಲಿ ಹೊಡೀತಾರೆ.

ಸುಮಂಗಲಾ ಮೇಡಂ: ಹೇಗೆ ಮಾಡಿದ್ದೀರಿ ಅಂತ ಬರೆಯದಿದ್ದರೆ ಚೀಟಿ ಎತ್ತಿದ್ದಕ್ಕೂ ಹೊಡೆಯುತ್ತಾರೆ.

ಅನಿತಾ, ನಂಜನಗೂಡು: ಮೇಡಂ ಗೂಗಲ್ ಫಾರ್ಮ್ ಕಳಿಸಿದ್ರೆ ರ‍್ಯಾಂಡಮ್ ಆಗಲ್ವಾ?

ಸುಮಂಗಲಾ ಮೇಡಂ: ಇಲ್ಲ.

ಲೋಕೇಶ್: 384 ಜನ ಸಾಕು ಅನ್ನೋ ಟೇಬಲ್ ಇದೆ ಅನಿತಾ, ಕಳಿಸ್ತೀನಿ.

ಸುಮಂಗಲಾ ಮೇಡಂ: ಲೋಕೇಶ್, ಸೂತ್ರಕ್ಕೆ ಹೇಳಿದ್ದೇ ಟೇಬಲ್ಲಿಗೂ. ಮೂರನೇ ಸಲ ಹೇಳಲಾರೆ.

ಶಿವಣ್ಣ: ಮೇಡಂ, ಆಲೆಮನೆ ಯಜಮಾನ ಒಳಗೇ ಬಿಡ್ಲಿಲ್ಲ ಅಂದ್ರೆ? ಹೊಡೆತ, ಬಾಕಿ ಕೂಲಿ ಇರೋ ಕಡೇನೇ ಬಾಗಿಲು ಹಾಕೋದು. ನಿಮ್ಮ ಚೀಟಿ ಅಲ್ಲಿಗೇ ನಿಂತೋಯ್ತಲ್ಲ.

ಸುಮಂಗಲಾ ಮೇಡಂ: ನಿಲ್ಲುತ್ತದೆ, ನೀವು ಹೇಳುವುದು ಸರಿ. 16ರಲ್ಲಿ ಎಷ್ಟು ಕಡೆ ಬಿಡಲಿಲ್ಲ, ಅವು ಚಿಕ್ಕವೋ ದೊಡ್ಡವೋ ಅಂತ ಬರೆಯಬೇಕು. ಒಂದೆರಡಾದರೆ ಹೆಚ್ಚುವರಿ ಚೀಟಿಯಿಂದ ತುಂಬಬಹುದು. ಐದಾರು ಕಡೆ ಬಿಡದಿದ್ದರೆ ಬಂದ ಉತ್ತರ ಒಳಗೆ ಬಿಟ್ಟವರದ್ದು ಮಾತ್ರ. ಅದನ್ನು ಸರಿಪಡಿಸುವ ಲೆಕ್ಕ 60 ಜನರ ಸರ್ವೆಯಲ್ಲಿ ಇಲ್ಲ.

ನಾಗರಾಜು: ಮೇಡಂ, ನನ್ನ ಪಟ್ಟೀಲಿ ಕೆಲಸ ಬಿಟ್ಟೋರ ಹೆಸರೂ ಹಂಗೇ ಇದೆ. ತೆಗೆದು ಚೀಟಿ ಎತ್ಲಾ, ಇಟ್ಕೊಂಡು ಎತ್ಲಾ?

ರಮ್ಯ: ಭಾನುವಾರದ್ದು ಬೇಡ ಅಂತ ಮೇಸ್ತ್ರಿಗೆ ಹೇಳಿದೆ ಮೇಡಂ. ಯಾಕೆ, ಯಾರು ಏನು ಹೇಳಿದ್ರು ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?

ಸುಮಂಗಲಾ ಮೇಡಂ: ಕಾಲೇಜಿನಿಂದ ಇನ್ನೂ ಒಪ್ಪಿಗೆ ಪತ್ರ ಬಂದಿಲ್ಲ ಅನ್ನಿ, ಅಷ್ಟೇ. ಈಗಲೇ ನನಗೆ ಫೋನ್ ಮಾಡಿ.