ಬಿಸಿಲಿನಲ್ಲಿ ಮೂರು ಗಂಟೆ ಸ್ಕೂಟರ್‌ನಲ್ಲೇ ಉಳಿದ ಮೀನು, ಹಾಲು

ಪ್ರಶ್ನೆ: ಬೆಳಿಗ್ಗೆ 9ಕ್ಕೆ ಬಂಗಡೆ ಮೀನು, ಪ್ಯಾಕೆಟ್ ಹಾಲು ಕೊಂಡು ಸ್ಕೂಟರ್ ಸೀಟಿನ ಕೆಳಗೆ ಇಟ್ಟಿದ್ದೆ. ಬೇರೆ ಕೆಲಸ ಮುಗಿಸಿ ಮನೆ ಸೇರಿದಾಗ 12 ಗಂಟೆ. ಹೊರಗೆ 35 ಡಿಗ್ರಿ. ಮೀನು ನಾರುತ್ತಿಲ್ಲ. ಚೆನ್ನಾಗಿ ಹುರಿದು ತಿನ್ನಬಹುದೇ?

ಒಬ್ಬ ಸದಸ್ಯರು: ಧಾರಾಳವಾಗಿ ತಿನ್ನಿ. ಬೆಂಕಿಯ ಮುಂದೆ ಯಾವ ಸೂಕ್ಷ್ಮಜೀವಿಯೂ ಉಳಿಯುವುದಿಲ್ಲ. ಕೆಟ್ಟಿದ್ದರೆ ಮೂಗಿಗೆ ಗೊತ್ತಾಗುತ್ತಿತ್ತು.

ಆಹಾರ ಸುರಕ್ಷತಾ ತಜ್ಞೆ: ಬೇಯಿಸಿದರೆ ಬಹುತೇಕ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ಸಾಯುವ ಮೊದಲು ಅವು ಮಾಡಿಟ್ಟದ್ದು ಹೋಗುವುದಿಲ್ಲ. ಬಂಗಡೆ, ಬೂತಾಯಿ, ಟ್ಯೂನಾಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಎಂಬ ವಿಷವಾಗಿ ಬದಲಿಸುತ್ತವೆ. ಹುರಿದರೂ, ಫ್ರೀಜರ್‌ನಲ್ಲಿಟ್ಟರೂ ಅದು ಉಳಿಯುತ್ತದೆ. ನಾತ ಬರುವ ಮೊದಲೇ ಅದು ಸಾಕಷ್ಟು ಸೇರಿರಬಹುದು, ಆದ್ದರಿಂದ ಮೂಗನ್ನು ನಂಬಬೇಡಿ. ಅಂಥ ಮೀನು ತಿಂದವರಿಗೆ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ, ಬಾಯಿ ಚುರುಗುಟ್ಟಿ, ತಲೆನೋವು, ದದ್ದು ಬರುತ್ತವೆ. ಅನೇಕರು ಇದನ್ನು ಮೀನಿನ ಅಲರ್ಜಿ ಎಂದೇ ತಿಳಿಯುತ್ತಾರೆ. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೇಗ ಕೆಡುವ ಪದಾರ್ಥವನ್ನು ಫ್ರಿಜ್‌ನ ಹೊರಗೆ ಇಡಲು ಎರಡು ಗಂಟೆಯೇ ಮಿತಿ. 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಪೆಟ್ರೋಲ್ ಸ್ಕೂಟರ್‌ನ ಸೀಟಿನ ಕೆಳಗೆ ಎಂಜಿನ್ನಿನ ಕಾವೂ ಸೇರುತ್ತದೆ, ಅಲ್ಲಿ ಹೊರಗಿಗಿಂತ ಹೆಚ್ಚು ಬಿಸಿ. ಮೂರು ಗಂಟೆ ಅಲ್ಲಿದ್ದ ಮೀನನ್ನು ನಾನು ಯಾರಿಗೂ ಬಡಿಸುವುದಿಲ್ಲ. ಎಸೆದುಬಿಡಿ.

ಇನ್ನೊಬ್ಬ ಸದಸ್ಯೆ: ನಮ್ಮ ಕಾರಿನ ಡಿಕ್ಕಿಯಲ್ಲಿ ಈರುಳ್ಳಿ, ಆಲೂಗಡ್ಡೆ ಇಡೀ ಮಧ್ಯಾಹ್ನ ಇದ್ದವು. ಅವನ್ನೂ ಎಸೆಯಬೇಕೇ?

ತಜ್ಞೆ: ಬೇಡ ಅಮ್ಮಾ. ಇಡಿಯಾಗಿರುವ ತರಕಾರಿಗೆ ಈ ಗಂಟೆಯ ಲೆಕ್ಕವಿಲ್ಲ. ಕತ್ತರಿಸಿದ ಹಣ್ಣು, ತರಕಾರಿಗೆ ಮಾತ್ರ ಉಂಟು.

ಪ್ರಶ್ನೆ ಕೇಳಿದವರು: ಹಾಲು? ಕುದಿಸಿದೆ, ಒಡೆಯಲಿಲ್ಲ.

ತಜ್ಞೆ: ಒಡೆದರೆ ಹುಳಿಯಾಗಿದೆ ಎಂದರ್ಥ. ಒಡೆಯದಿದ್ದರೆ ಇನ್ನೂ ಅಷ್ಟು ಹುಳಿಯಾಗಿಲ್ಲ ಎಂದಷ್ಟೇ. ಶಾಖಕ್ಕೆ ಬಗ್ಗದ ವಿಷ ಹಾಲಿನಲ್ಲೂ ಉಂಟಾಗಬಹುದು. ತಂಪಾಗಿಡಬೇಕಾದ ಪ್ಯಾಕೆಟ್ ಆಗಿದ್ದರೆ ಚೆಲ್ಲಿ ಎಂದೇ ಹೇಳುತ್ತೇನೆ. ಫ್ರಿಜ್ ಬೇಡದ ಟೆಟ್ರಾ ಪ್ಯಾಕ್ ಆಗಿದ್ದು, ತೆರೆಯದಿದ್ದರೆ ತೊಂದರೆಯಿಲ್ಲ.

ಮೊದಲ ಸದಸ್ಯರು: ನಮ್ಮಲ್ಲಿ ಪ್ಯಾಕೆಟ್ ಹಾಲು ಎಷ್ಟೋ ಹೊತ್ತು ಹೊರಗಿರುತ್ತದೆ. ಯಾರಿಗೂ ಏನೂ ಆಗಿಲ್ಲ. ಹಾಲಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು: ಮುಂದಿನ ಸಲ ಮೀನಿಗೆ ಐಸ್ ಹಾಕಿಸಿಕೊಂಡರೆ ಮೂರು ಗಂಟೆ ತಡೆಯುತ್ತದೆಯೇ?

ತಜ್ಞೆ: ಸುತ್ತಲೂ ಐಸ್ ತುಂಬಿ ದಪ್ಪ ಥರ್ಮೋಕೋಲ್ ಡಬ್ಬಿಯಲ್ಲಿಟ್ಟರೆ ಸಾಮಾನ್ಯವಾಗಿ ತಡೆಯುತ್ತದೆ. ಮನೆಯಲ್ಲಿ ತೆರೆದಾಗ ಮೀನಿನ ಸುತ್ತ ಇನ್ನೂ ಐಸ್ ಇರಬೇಕು. ಬರೀ ನೀರು ಉಳಿದು ಅದೂ ಬೆಚ್ಚಗಾಗಿದ್ದರೆ ಉಪಯೋಗವಿಲ್ಲ. ಮೀನನ್ನು ಎಲ್ಲ ಕೆಲಸ ಮುಗಿದ ಮೇಲೆ, ಕೊನೆಯಲ್ಲಿ ಕೊಳ್ಳಿ. ಅಂದ ಹಾಗೆ, ಅಂಗಡಿಯಲ್ಲಿ ಅದು ಐಸ್ ಮೇಲಿತ್ತೇ?

ಪ್ರಶ್ನೆ ಕೇಳಿದವರು: ಇಲ್ಲ, ಹಲಗೆಯ ಮೇಲೆ ಹರಡಿದ್ದರು.

ತಜ್ಞೆ: ಹಾಗಾದರೆ ನಿಮ್ಮ ಲೆಕ್ಕ 9 ಗಂಟೆಗಿಂತ ಮೊದಲೇ ಶುರುವಾಗಿತ್ತು.