ಇಂಟರ್ನ್‌ಶಿಪ್ ವರದಿಯ ಕೃತಜ್ಞತೆ ಪುಟ ಮತ್ತು ಸಾರಾಂಶ: ಒಕ್ಕಣೆ ಹೇಗಿರಬೇಕು?

ಪ್ರಶ್ನೆ (ಉಡುಪಿ, ಪತ್ರಿಕೋದ್ಯಮ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳಲ್ಲಿ ಇಲ್ಲಿನ ಒಂದು ಸಮುದಾಯ ಬಾನುಲಿ ಕೇಂದ್ರದಲ್ಲಿ ಇಂಟರ್ನ್‌ಶಿಪ್ ಮಾಡಿದ್ದೇನೆ. ವರದಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಳಗಿನ ಅಧ್ಯಾಯಗಳು ಮುಗಿದಿವೆ. ಉಳಿದಿರುವುದು ಮುಂದಿನ ಎರಡು ಪುಟ: ಕೃತಜ್ಞತೆ ಮತ್ತು ಸಾರಾಂಶ. ಕಾಲೇಜಿನಿಂದ ಕೊಟ್ಟ ಸೂಚನೆ ಇಂಗ್ಲಿಷಿನಲ್ಲಿದೆ. ಸಾರಾಂಶ 250 ಪದ ಮೀರಬಾರದು ಅಂತ ಇದೆ. ಕೃತಜ್ಞತೆಯ ಬಗ್ಗೆ ಏನೂ ಹೇಳಿಲ್ಲ.

ನಾನು ಬರೆದ ಕೃತಜ್ಞತೆ ಹೀಗೆ ಶುರುವಾಗುತ್ತದೆ: "ನನ್ನ ಈ ಇಂಟರ್ನ್‌ಶಿಪ್ ಕಾರ್ಯವನ್ನು ಯಶಸ್ವಿಯಾಗಿ ಪೂರ್ಣಗೊಳಿಸಲು ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸರ್ವರಿಗೂ ಅನಂತ ಕೃತಜ್ಞತೆಗಳನ್ನು ಸಲ್ಲಿಸಲು ಹರ್ಷಿಸುತ್ತೇನೆ." ಆಮೇಲೆ ಪ್ರಾಂಶುಪಾಲರು, ವಿಭಾಗ ಮುಖ್ಯಸ್ಥರು, ಮಾರ್ಗದರ್ಶಕರು, ಬಾನುಲಿ ಕೇಂದ್ರದವರು, ಅಪ್ಪ ಅಮ್ಮ. ಪ್ರತಿ ಸಾಲೂ "ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ" ಅಂತಲೇ ಮುಗಿಯುತ್ತದೆ. ಬೇರೆ ಕ್ರಿಯಾಪದ ಯಾವುದು ಬಳಸಬಹುದು?

ಸಾರಾಂಶದ ಮೊದಲ ಸಾಲು: "ಮೊದಲನೇ ಅಧ್ಯಾಯದಲ್ಲಿ ಸಮುದಾಯ ಬಾನುಲಿಯ ಪರಿಚಯ ನೀಡಲಾಗಿದೆ. ಎರಡನೇ ಅಧ್ಯಾಯದಲ್ಲಿ ಕೇಂದ್ರದ ಕಾರ್ಯವೈಖರಿಯನ್ನು ವಿವರಿಸಲಾಗಿದೆ." ಇದು ಸರಿಯಾ? "ನಾನು" ಅನ್ನಬಹುದಾ, "ಮಾಡಲಾಗಿದೆ" ಅನ್ನಬೇಕಾ?

ಬ್ರಹ್ಮಾವರದಿಂದ, ಒಂದು ಸಂಘದ ಕಾರ್ಯದರ್ಶಿ

ಧನ್ಯವಾದ ಸಮರ್ಪಣೆಗೆ ಒಂದು ಕ್ರಮ ಉಂಟು. ನಮ್ಮ ತಾಳಮದ್ದಳೆ ಕೂಟಗಳಲ್ಲಿ ವರ್ಷಗಳಿಂದ ನಾನೇ ಧನ್ಯವಾದ ಹೇಳುವುದು. ಮೊದಲು ಅಧ್ಯಕ್ಷರು, ಆಮೇಲೆ ಅತಿಥಿಗಳು, ಕಲಾವಿದರು, ದಾನಿಗಳು, ಕೊನೆಗೆ ಧ್ವನಿವರ್ಧಕ ಮತ್ತು ಊಟದ ವ್ಯವಸ್ಥೆಯವರು. ಒಬ್ಬರನ್ನು ಬಿಟ್ಟರೂ ಬೇಸರ ಆಗ್ತದೆ. ಹಾಗಾಗಿ "ಪ್ರತ್ಯಕ್ಷ ಪರೋಕ್ಷ" ಅನ್ನುವ ಸಾಲು ಬಿಡಬೇಡಿ. ಎರಡು ಪುಟ ಆದರೂ ತೊಂದರೆ ಇಲ್ಲ.

ಕಾರ್ಕಳದಿಂದ, ಹೈಸ್ಕೂಲು ಕನ್ನಡ ಅಧ್ಯಾಪಕರು

ವರದಿಯಲ್ಲಿ "ನಾನು" ಬರಲೇಬಾರದು ಅಂತ ನಮಗೆ ಕಲಿಸಿದ್ದಾರೆ. ಬರೆದವರ ವ್ಯಕ್ತಿತ್ವ ಮುಂದೆ ಬಂದರೆ ವಿಷಯ ಹಿಂದೆ ಸರಿಯುತ್ತದೆ. "ಅಧ್ಯಯನ ನಡೆಸಲಾಯಿತು", "ಮಾಹಿತಿ ಸಂಗ್ರಹಿಸಲಾಯಿತು" ಅನ್ನುವುದೇ ಸರಿಯಾದ ಶೈಲಿ. ಅಧ್ಯಾಯಗಳ ಪಟ್ಟಿ ಸಾರಾಂಶದಲ್ಲಿ ಬೇಡ ಅನ್ನುವುದನ್ನು ಮಾತ್ರ ಖಂಡಿತ ಹೇಳ್ತೇನೆ. ಅದಕ್ಕೆ ಪರಿವಿಡಿ ಇದೆಯಲ್ಲ.

ಮಂಗಳೂರಿನಿಂದ, ನಿವೃತ್ತ ಪತ್ರಿಕೋದ್ಯಮ ಅಧ್ಯಾಪಕಿ

ತುಂಬ ವರ್ಷ ಇಂಥ ವರದಿಗಳಿಗೆ ಅಂಕ ಹಾಕಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ.

ಮಗೂ, ಕ್ರಿಯಾಪದ ಬದಲಾಯಿಸಿದರೆ ನಿನ್ನ ತೊಂದರೆ ಹೋಗುವುದಿಲ್ಲ. ಪ್ರತಿ ಸಾಲೂ ಒಂದೇ ಥರ ಮುಗಿಯುವುದು ಯಾಕೆ ಅಂದ್ರೆ, ಪ್ರತಿ ಸಾಲಿನಲ್ಲೂ ಹೇಳಲು ಬೇರೆ ಸಂಗತಿ ಇಲ್ಲ. "ಸಹಕರಿಸಿದ", "ಪ್ರೋತ್ಸಾಹಿಸಿದ" ಅಂತಷ್ಟೇ ಇದೆ. ಯಾರು ಏನು ಮಾಡಿಕೊಟ್ಟರು ಅಂತ ಬರೆದು ನೋಡು, ವಾಕ್ಯ ತಾನಾಗಿಯೇ ಬೇರೆಯಾಗುತ್ತದೆ. "ಧ್ವನಿ ಸಂಕಲನವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಕೇಂದ್ರದ ತಾಂತ್ರಿಕ ಸಹಾಯಕರು. ನಾನು ಮಾಡಿದ ಮೊದಲ ಕಂತನ್ನು ಅವರು ಸಾಲು ಸಾಲಾಗಿ ತಿದ್ದಿದರು. ಅವರಿಗೆ ನಾನು ಋಣಿ." ಇಲ್ಲಿ ಹುದ್ದೆಯ ಜೊತೆ ಅವರ ಹೆಸರನ್ನೂ ಹಾಕು. ಇಂಥ ಮೂರು ಸಾಲು ಓದಿದರೆ ಅಂಕ ಹಾಕುವವರಿಗೆ ನೀನು ನಿಜವಾಗಿ ಅಲ್ಲಿ ಕೂತು ಕಲಿತಿದ್ದೀ ಅಂತ ಗೊತ್ತಾಗುತ್ತದೆ. "ಅನಂತ ಕೃತಜ್ಞತೆ"ಯಿಂದ ಗೊತ್ತಾಗುವುದಿಲ್ಲ.

ಬ್ರಹ್ಮಾವರದ ಅಣ್ಣ ಹೇಳಿದ್ದು ವೇದಿಕೆಯ ಕ್ರಮ. ಅಲ್ಲಿ ಕೇಳುವವರು ಎದುರಿಗೇ ಕೂತಿರುತ್ತಾರೆ, ಸ್ಥಾನ ನೋಡಲೇಬೇಕು. ವರದಿಯಲ್ಲಿ ಕ್ರಮ ಕೆಲಸದ್ದು. ದಿನಾ ಕಲಿಸಿದವರು ಮೊದಲು. ಆಮೇಲೆ ಕೇಂದ್ರದ ಮುಖ್ಯಸ್ಥರು, ಕಾಲೇಜಿನ ಮಾರ್ಗದರ್ಶಕರು, ಅವಕಾಶ ಕೊಟ್ಟ ವಿಭಾಗ ಮತ್ತು ಪ್ರಾಂಶುಪಾಲರು. ಮನೆಯವರಿಗೆ ಕೊನೆಯ ಒಂದು ಸಾಲು. ಕೆಲವು ಕಾಲೇಜುಗಳಲ್ಲಿ ಪ್ರಾಂಶುಪಾಲರು ಮೊದಲು ಅಂತ ಮಾದರಿಯೇ ಇರುತ್ತದೆ. ಹಾಗಿದ್ದರೆ ಅದನ್ನೇ ಪಾಲಿಸು. ಆದರೆ ಅವರಿಗೆ ಒಂದು ಸಾಲು, ಕಲಿಸಿದವರಿಗೆ ಮೂರು ಸಾಲು ಇರಲಿ. ಒಟ್ಟು ಒಂದು ಪುಟ ಮೀರಬಾರದು, ಮುಕ್ಕಾಲು ಪುಟ ಸಾಕು. ಕೆಲಸವನ್ನು ಹೆಸರಿಟ್ಟು ಹೇಳಿದ ಮೇಲೆ "ಪ್ರತ್ಯಕ್ಷ ಪರೋಕ್ಷ" ಸಾಲಿಗೆ ಜಾಗ ಬೇಕಾಗುವುದಿಲ್ಲ.

ಪದದ ತೂಕವನ್ನೂ ನೋಡು. "ಚಿರಋಣಿ" ಅನ್ನುವ ಮಾತು ಓದಿಸಿದ ಅಪ್ಪ ಅಮ್ಮನಿಗೆ ಸರಿ. ಅನುಮತಿ ಪತ್ರಕ್ಕೆ ಸಹಿ ಹಾಕಿದವರಿಗೆ ಅದು ಭಾರ. ಅವರಿಗೆ "ಧನ್ಯವಾದ" ಸಾಕು. "ಸ್ಮರಿಸುತ್ತೇನೆ" ಬಳಸುವುದಾದರೆ "ಅವರ ಸಹಾಯವನ್ನು ಸ್ಮರಿಸುತ್ತೇನೆ" ಅನ್ನು. "ಅವರನ್ನು ಸ್ಮರಿಸುತ್ತೇನೆ" ಅಂದರೆ ತೀರಿಕೊಂಡವರ ಬಗ್ಗೆ ಹೇಳಿದ ಹಾಗೆ ಕೇಳುತ್ತದೆ.

ಇನ್ನು "ನಾನು". ಕಾರ್ಕಳದ ಮೇಷ್ಟ್ರ ಮಾತು ಅರ್ಧ ಒಪ್ಪುತ್ತೇನೆ. ಅಭಿಪ್ರಾಯ ಹೇಳುವಾಗ "ನನಗೆ ಅನ್ನಿಸಿತು" ಬೇಡ. ಆದರೆ ಇಂಟರ್ನ್‌ಶಿಪ್ ವರದಿಯಲ್ಲಿ ಅಂಕ ಸಿಗುವುದೇ ನೀನು ಮಾಡಿದ ಕೆಲಸಕ್ಕೆ. "12 ಕಂತುಗಳನ್ನು ಸಂಕಲನ ಮಾಡಲಾಯಿತು" ಅಂದರೆ ಮಾಡಿದ್ದು ನೀನಾ, ಕೇಂದ್ರದವರಾ? ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತದೆ. ನೀನು ಮಾಡಿದ್ದಕ್ಕೆ "ಮಾಡಿದೆ" ಅನ್ನು. ಕೇಂದ್ರದಲ್ಲಿ ಮೊದಲಿನಿಂದ ನಡೆಯುವುದಕ್ಕೆ "ಪ್ರಸಾರವಾಗುತ್ತದೆ" ಅನ್ನು. ಕೃತಜ್ಞತೆ ಪುಟದಲ್ಲಂತೂ "ಕೃತಜ್ಞತೆ ಸಲ್ಲಿಸಲಾಗಿದೆ" ಅಂತ ಯಾರೂ ಬರೆಯಬಾರದು. ಹೇಳುವವರೇ ಇಲ್ಲದ ಕೃತಜ್ಞತೆ ಆಗುತ್ತದೆ.

ನಿನ್ನ ಕೆಲಸ ಏನು, ಏನು ಕಂಡುಬಂತು ಅಂತ ನಾಲ್ಕು ಸಾಲಿನಲ್ಲಿ ಬರೆದು ಕಳಿಸು. ಸಾರಾಂಶ ಅದರಿಂದಲೇ ಮಾಡೋಣ.

ವಿದ್ಯಾರ್ಥಿನಿ

ಥ್ಯಾಂಕ್ಸ್ ಟೀಚರ್. ಕೇಂದ್ರದಲ್ಲಿ ಬೆಳಗ್ಗೆ 7ಕ್ಕೆ ಕಡಲಿನ ಹವಾಮಾನದ ಕಾರ್ಯಕ್ರಮ ಬರುತ್ತದೆ. ಅದರ 12 ಕಂತು ನಾನು ಸಂಕಲನ ಮಾಡಿದೆ. ಇದನ್ನು ಯಾರು ಕೇಳ್ತಾರೆ ಅಂತ ಮಲ್ಪೆಗೆ ಹೋಗಿ 20 ಮೀನುಗಾರರನ್ನು ಕೇಳಿದೆ. 13 ಮಂದಿ ಬೆಳಗ್ಗೆ 5ಕ್ಕೆ ಮೊದಲೇ ಹೊರಡ್ತಾರೆ. ಕಾರ್ಯಕ್ರಮ ಕೇಳುವುದು ಮನೆಯವರು. ಹಿಂದಿನ ದಿನ ಸಂಜೆ ಹಾಕಿದರೆ ಒಳ್ಳೆಯದು ಅಂತ ತುಂಬ ಜನ ಹೇಳಿದರು.

ನಿವೃತ್ತ ಅಧ್ಯಾಪಕಿ

ಇಷ್ಟು ಒಳ್ಳೆಯ ಸಂಗತಿ ಇಟ್ಟುಕೊಂಡು "ಮೊದಲನೇ ಅಧ್ಯಾಯದಲ್ಲಿ ಪರಿಚಯ ನೀಡಲಾಗಿದೆ" ಅಂತ ಶುರು ಮಾಡಿದ್ದೀಯಲ್ಲ! ಹೀಗೆ ಬರೆದು ನೋಡು:

"ಉಡುಪಿಯ ಸಮುದಾಯ ಬಾನುಲಿ ಕೇಂದ್ರವೊಂದರಲ್ಲಿ ಜೂನ್ ತಿಂಗಳಲ್ಲಿ ನಾನು ತರಬೇತಿ ಪಡೆದೆ. ಬೆಳಗ್ಗೆ 7ಕ್ಕೆ ಪ್ರಸಾರವಾಗುವ ಕಡಲ ಹವಾಮಾನ ಕಾರ್ಯಕ್ರಮದ 12 ಕಂತುಗಳನ್ನು ಸಂಕಲನ ಮಾಡಿದೆ. ಈ ಮಾಹಿತಿ ಬೇಕಾದವರಿಗೆ ಬೇಕಾದ ಹೊತ್ತಿಗೆ ತಲುಪುತ್ತಿದೆಯೇ ಎಂದು ತಿಳಿಯಲು ಮಲ್ಪೆಯ 20 ಮೀನುಗಾರರನ್ನು ಮಾತನಾಡಿಸಿದೆ. ಅವರಲ್ಲಿ 13 ಮಂದಿ ಬೆಳಗ್ಗೆ 5ಕ್ಕೆ ಮೊದಲೇ ಕಡಲಿಗೆ ಹೊರಡುತ್ತಾರೆ. ಅವರ ಮನೆಗಳಲ್ಲಿ ಕಾರ್ಯಕ್ರಮ ಕೇಳುವವರು ದಡದಲ್ಲಿರುವ ಮನೆಯವರು. ಹಿಂದಿನ ಸಂಜೆಯೇ ಪ್ರಸಾರ ಮಾಡಿದರೆ ಮೀನುಗಾರರಿಗೆ ಹೆಚ್ಚು ಉಪಯೋಗ ಎಂದು ವರದಿ ಸೂಚಿಸುತ್ತದೆ."

ಎಲ್ಲಿ, ಏನು ಮಾಡಿದೆ, ಏನು ಕೇಳಿಕೊಂಡೆ, ಏನು ಸಿಕ್ಕಿತು. ಇಷ್ಟೂ ಬಂತು. ಮಾಡಿ ಮುಗಿಸಿದ್ದು ಭೂತಕಾಲದಲ್ಲಿ, ಈಗಲೂ ನಿಜವಾಗಿರುವುದು ವರ್ತಮಾನದಲ್ಲಿ ಇದೆ, ಗಮನಿಸು. ಇದಕ್ಕೆ ಸಂಕಲನದ ಕೆಲಸದ ಬಗ್ಗೆ ಇನ್ನೆರಡು ಸಾಲು ಸೇರಿಸು. ಬಾನುಲಿಯ ಚರಿತ್ರೆ, ಮಹತ್ವ ಯಾವುದೂ ಇಲ್ಲಿ ಬೇಡ. ವರದಿಯ ಒಳಗೆ ಇಲ್ಲದ ಹೊಸ ಮಾತೂ ಬರಬಾರದು.

250 ಪದದ ವಿಷಯ. ಆ ಲೆಕ್ಕ ಇಂಗ್ಲಿಷಿನದು. ಅಲ್ಲಿ ಮೂರು ನಾಲ್ಕು ಪದ ಬೇಕಾಗುವ ಕಡೆ ನಾವು "ಕೇಳುಗರಿಂದಲೇ" ಅಂತ ಒಂದೇ ಪದದಲ್ಲಿ ಮುಗಿಸುತ್ತೇವೆ. ಹಾಗಾಗಿ ಕನ್ನಡದಲ್ಲಿ 250 ಪದ ತುಂಬಿಸಲು ಹೋದರೆ ಎಳೆದ ಹಾಗೆ ಆಗುತ್ತದೆ. 120ರಿಂದ 150 ಪದಕ್ಕೆ ನಿನ್ನ ಸಂಗತಿ ಮುಗಿದರೆ ಅಲ್ಲೇ ನಿಲ್ಲಿಸು.

ಮಲ್ಪೆಯಿಂದ, ಬೋಟ್ ಇರುವ ಮನೆಯವರು

ನನಗೆ ವ್ಯಾಕರಣ ಗೊತ್ತಿಲ್ಲ. ಆದರೆ ಆ ಸಾರಾಂಶದಲ್ಲಿ ಒಂದು ತಪ್ಪಿದೆ ಮಾರಾಯ್ರೇ. "ಮಲ್ಪೆಯ 20 ಮೀನುಗಾರರು" ಅಂತ ಇದೆಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಮ್ಮ ಟ್ರಾಲ್ ಬೋಟು ದಡದಲ್ಲೇ ಇರುತ್ತದೆ, ಕೆಲಸದವರು ಹೆಚ್ಚಿನವರು ಅವರವರ ಊರಿಗೆ ಹೋಗಿರುತ್ತಾರೆ. ಈ ಹುಡುಗಿಗೆ ಸಿಕ್ಕಿದ್ದು ನಾಡದೋಣಿಯವರು. ನಮ್ಮವರು ಒಮ್ಮೆ ಹೋದರೆ ದಿನಗಟ್ಟಲೆ ಬರುವುದಿಲ್ಲ. ಆ ದೂರಕ್ಕೆ ಈ ಸಣ್ಣ ರೇಡಿಯೋ ಕೇಳಿಸುವುದೇ ಇಲ್ಲ. ಸಂಜೆ ಹಾಕಿದರೂ ಬೆಳಗ್ಗೆ ಹಾಕಿದರೂ ನಮಗೆ ಒಂದೇ.

ವಿದ್ಯಾರ್ಥಿನಿ

ಹೌದು ಅಣ್ಣ, ಎಲ್ಲರೂ ನಾಡದೋಣಿಯವರೇ. ಅಧ್ಯಾಯದ ಒಳಗೆ ಬರೆದಿದ್ದೇನೆ. ಸಾರಾಂಶದಲ್ಲೂ ಹೇಳಬೇಕಾ?

ನಿವೃತ್ತ ಅಧ್ಯಾಪಕಿ

ಹೇಳಲೇಬೇಕು. ತುಂಬ ಜನ ಸಾರಾಂಶ ಮಾತ್ರ ಓದುತ್ತಾರೆ. "ಮಲ್ಪೆಯ ನಾಡದೋಣಿಯ 20 ಮೀನುಗಾರರು" ಅಂತ ಮಾಡು. ಕೊನೆಗೆ ಒಂದು ಸಾಲು ಸೇರಿಸು: "ಇದು ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಾಡಿದ ಕೆಲಸವಾದ್ದರಿಂದ ಟ್ರಾಲ್ ಬೋಟಿನವರಿಗೆ ಅನ್ವಯಿಸುವುದಿಲ್ಲ." ಮಲ್ಪೆಯವರು ಒಳ್ಳೆಯ ಕಡೆ ಕೈ ಇಟ್ಟರು.

ಹಂಪನಕಟ್ಟೆ ಹತ್ತಿರ ಡಿಟಿಪಿ ಅಂಗಡಿ ಇಟ್ಟವರು

ನಮ್ಮಲ್ಲಿಗೆ ಬರುವ ವರದಿಗಳಲ್ಲಿ ಕೃತಜ್ಞತೆ ಪುಟ ಹೆಚ್ಚಾಗಿ ಹಿಂದಿನ ವರ್ಷದವರ ಫೈಲ್. ಹೆಸರು ಬದಲಾಯಿಸಿ ತರ್ತಾರೆ. "ಮಾರ್ಗದರ್ಶಕಿಯಾದ ಶ್ರೀ" ಅಂತ ಉಳಿದಿರುತ್ತದೆ. ಇನ್ನೊಂದು ಕಾಲೇಜಿನ ಹೆಸರು ಕೊನೆಯ ಸಾಲಿನಲ್ಲಿ ಉಳಿದದ್ದನ್ನು ಬೈಂಡಿಂಗ್ ಆದ ಮೇಲೆ ನೋಡಿದವರೂ ಇದ್ದಾರೆ. ಎಲ್ಲರ ಹೆಸರು, ಹುದ್ದೆ ಅವರ ಕೋಣೆಯ ಫಲಕ ನೋಡಿ ಬರೆದುಕೊಂಡು ಬನ್ನಿ. ಎ4 ಹಾಳೆಯಲ್ಲಿ 14 ಪಾಯಿಂಟ್, ಒಂದೂವರೆ ಅಂತರ ಕೊಟ್ಟರೆ ಇನ್ನೂರರ ಆಸುಪಾಸು ಕನ್ನಡ ಪದ ಹಿಡಿಸುತ್ತದೆ. ಹಾಗಾಗಿ ಟೀಚರ್ ಹೇಳಿದ ಉದ್ದ ಆರಾಮಾಗಿ ಒಂದು ಪುಟದಲ್ಲಿ ಕೂರುತ್ತದೆ.

ಕಾರ್ಕಳದ ಅಧ್ಯಾಪಕರು

ಮಾಡಿದವರು ಯಾರು ಅಂತ ತಿಳಿಯಬೇಕು ಅನ್ನುವ ಮಾತು ಒಪ್ಪಿದೆ. ಆದರೂ ಆರು ಸಾಲಿನಲ್ಲಿ "ಪಡೆದೆ, ಮಾಡಿದೆ, ಮಾತನಾಡಿಸಿದೆ" ಅಂತ ಸಾಲಾಗಿ ಬಂದರೆ ದಿನಚರಿ ಓದಿದ ಹಾಗೆ ಅನ್ನಿಸುತ್ತದೆ. ಮೊದಲ ವಾಕ್ಯವನ್ನಾದರೂ "ಈ ವರದಿ ಒಂದು ಕಡಲ ಹವಾಮಾನ ಕಾರ್ಯಕ್ರಮವನ್ನು ಕುರಿತದ್ದು" ಅಂತ ವಿಷಯದಿಂದ ಶುರು ಮಾಡಬಹುದಲ್ವಾ?

ನಿವೃತ್ತ ಅಧ್ಯಾಪಕಿ

ಮಾಡಬಹುದು ಮೇಷ್ಟ್ರೇ. ನನಗೆ ಕೆಲಸದಿಂದ ಶುರುವಾದದ್ದೇ ಇಷ್ಟ. ಆದರೆ ಇದರಲ್ಲಿ ಮಾರ್ಗದರ್ಶಕರ ಅಭಿರುಚಿಯೂ ಇರುತ್ತದೆ. ಆಕೆ ಅವರನ್ನೇ ಕೇಳಲಿ.

ವಿದ್ಯಾರ್ಥಿನಿ

ಕೇಳ್ತೇನೆ. ಒಂದು ಮಾತ್ರ ಉಳಿಯಿತು. ಮಲ್ಪೆಯಲ್ಲಿ ಮಾತಾಡಿದವರ ಹೆಸರು ಎಲ್ಲೂ ಹಾಕುವುದಿಲ್ಲ ಅಂತ ಅವರಿಗೆ ಹೇಳಿದ್ದೆ. ಆದರೆ ಕೃತಜ್ಞತೆಯಲ್ಲಿ ಅವರನ್ನು ಬಿಡಲು ಮನಸ್ಸಿಲ್ಲ.

ನಿವೃತ್ತ ಅಧ್ಯಾಪಕಿ

ಮಾತು ಕೊಟ್ಟ ಮೇಲೆ ಕೃತಜ್ಞತೆ ಪುಟದಲ್ಲೂ ಹೆಸರು ಬೇಡ. "ಬಲೆ ಸರಿಮಾಡುವ ಕೆಲಸ ನಿಲ್ಲಿಸಿ ನನ್ನೊಡನೆ ಮಾತನಾಡಿದ ಮಲ್ಪೆಯ ನಾಡದೋಣಿಯ ಮೀನುಗಾರರಿಗೆ" ಅಂತ ಬರಿ, ಅದು ನಡೆದದ್ದೇ ಆಗಿದ್ದರೆ. ಕಲಿಸಿದವರ ಸಾಲು ಮುಗಿದ ಕೂಡಲೇ ಅದನ್ನು ಇಡು.

ಮಲ್ಪೆಯವರು

ಹೆಸರು ಹಾಕಿದರೆ ಅವರಿಗೆ ಖುಷಿಯೇ ಆಗ್ತಿತ್ತು. ಬೇಕಾದರೆ ನಾನು ಕೇಳಿ ನೋಡುತ್ತೇನೆ.