ಅಮೋನಿಯಾ ಸಂಶ್ಲೇಷಣೆ: 450 ಡಿಗ್ರಿಗೆ ΔH ಲೆಕ್ಕ −125 ಬರ್ತಿದೆ, ಎಲ್ಲಿ ತಪ್ಪು?

ಉಗಿಬಟ್ಟಲು
ಅಮೋನಿಯಾ ಕನ್ವರ್ಟರ್‌ನ ಒಂದು ಬೆಡ್‌ಗೆ ಹೀಟ್ ಬ್ಯಾಲೆನ್ಸ್ ಹಾಕ್ತಾ ಇದ್ದೀನಿ. ಕ್ರಿಯೆ N₂ + 3H₂ → 2NH₃, 25 ಡಿಗ್ರಿಯಲ್ಲಿ ΔH −92.22 ಕಿಲೋಜೂಲ್. ಇದನ್ನ 450 ಡಿಗ್ರಿಗೆ ಒಯ್ಯಬೇಕು. ಸಿಪಿ ಬದಲಾಗಲ್ಲ ಅಂತ ಇಟ್ಟುಕೊಂಡರೆ −111.5 ಬರುತ್ತೆ. ಶೀಟ್‌ನಲ್ಲೂ ಅಷ್ಟೇ, ಕ್ಯಾಲ್ಕುಲೇಟರ್‌ನಲ್ಲೂ ಅಷ್ಟೇ. ಸಿಪಿಗೆ a + bT + c/T² ರೂಪ ಹಾಕಿದ ತಕ್ಷಣ −125.65ಕ್ಕೆ ಜಿಗಿಯುತ್ತೆ. ಸಣ್ಣ ತಿದ್ದುಪಡಿ ಆಗಬೇಕಿದ್ದದ್ದು 14 ಕಿಲೋಜೂಲ್ ವ್ಯತ್ಯಾಸ ಕೊಟ್ಟರೆ ಬೆಡ್‌ನ ಔಟ್‌ಲೆಟ್ ತಾಪಮಾನ ಯಾವುದನ್ನ ನಂಬೋದು? ಸೂತ್ರ ಇದು, ಇದರಲ್ಲಿ ತಪ್ಪು ಕಾಣ್ತಿಲ್ಲ:

```
=B5*(C2-C1)+B6/2*(C2^2-C1^2)-B7*(1/C2-1/C1)
```

B5, B6, B7ನಲ್ಲಿ Δa, Δb, Δc ಇವೆ. ದಯವಿಟ್ಟು ಯಾರಾದರೂ ನೋಡಿ.

ಗ್ರಾಂ_ಮೋಲ್
Δb ನೋಡ್ಕೊಳ್ಳಿ. ಟೇಬಲ್‌ನಲ್ಲಿ b ಕಾಲಂನ ತಲೆಮೇಲೆ 10³ ಅಂತ ಬರೆದಿರುತ್ತೆ. ಅಮೋನಿಯಾಕ್ಕೆ 25.1 ಅಂತ ಇದ್ದರೆ ಅದು 0.0251. ಅದನ್ನ ಮರೆತರೆ ಇಂಥದ್ದೇ ಆಗೋದು. c ಕಾಲಂನಲ್ಲಿ 10⁵ ಉಲ್ಟಾ ದಿಕ್ಕಿಗೆ ಇರುತ್ತೆ.

ಉಗಿಬಟ್ಟಲು
ಅದೆಲ್ಲ ನೋಡಿಯೇ ಹಾಕಿದ್ದು ಸರ್. Δb = 0.03665, Δc = −410000, Δa = −50.92.

ಗ್ರಾಂ_ಮೋಲ್
ಹಾಗಾದ್ರೆ ಜೂಲ್–ಕಿಲೋಜೂಲ್ ಬೆರೆತಿದೆ. −92.22 ಕಿಲೋಜೂಲ್‌ನಲ್ಲಿದೆ, ಸಿಪಿ ಜೂಲ್‌ನಲ್ಲಿದೆ. ಕೂಡಿಸುವ ಮೊದಲು ಸಾವಿರದಿಂದ ಭಾಗಿಸಿದ್ರಾ?

ಕುಲುಮೆ
ಗ್ರಾಂ_ಮೋಲ್ ಅವರೇ, ಸಾವಿರದ ತಪ್ಪಾಗಿದ್ದರೆ ಉತ್ತರ −33,000 ಹತ್ತಿರ ಬರ್ತಿತ್ತು, −125 ಅಲ್ಲ. ಅದು ಮೊದಲ ನೋಟಕ್ಕೇ ಸಿಕ್ಕಿಬೀಳೋ ತಪ್ಪು.

ಮೊದಲು ದಿಕ್ಕು ನೋಡಿ. ಅಮೋನಿಯಾದ ಅಣುವಿಗೆ ಕಂಪಿಸೋ ದಾರಿಗಳು ಹೆಚ್ಚು, ಹಾಗಾಗಿ ಬಿಸಿ ಏರಿದಂತೆ ಅದರ ಸಿಪಿ ಬೇಗ ಏರುತ್ತೆ. ಸಾರಜನಕ, ಜಲಜನಕದ್ದು ಈ ವ್ಯಾಪ್ತಿಯಲ್ಲಿ ಹೆಚ್ಚೂಕಡಿಮೆ ನಿಂತಲ್ಲೇ ನಿಂತಿರುತ್ತೆ. 25 ಡಿಗ್ರಿಯಲ್ಲಿ ΔCp ಸುಮಾರು −45 ಜೂಲ್, ಬಿಸಿಯಾದಂತೆ ಅದು ಸೊನ್ನೆಯ ಕಡೆ ಬರಬೇಕು. ಅಂದರೆ ತಿದ್ದುಪಡಿ ನಿಮ್ಮ −19.3ಕ್ಕಿಂತ ಚಿಕ್ಕದಾಗಬೇಕು. ನಿಮಗೆ −33.4 ಬಂದಿದೆ, ದಿಕ್ಕೇ ತಪ್ಪಿದೆ. ಮೂರೂ ಪದಗಳನ್ನ ಬೇರೆ ಬೇರೆ ಸೆಲ್‌ನಲ್ಲಿ ಲೆಕ್ಕ ಹಾಕಿ ಇಲ್ಲಿ ಹಾಕಿ.

ಶಾಖಪ್ರಿಯ
ದಿಕ್ಕು ತಪ್ಪಿದೆ ಅಂದರೆ ಚಿಹ್ನೆ ತಪ್ಪಿದೆ ಅಂತಲೇ ಅರ್ಥ. ಕೊನೆಯ ಪದದ ಮುಂದೆ ಮೈನಸ್ ಯಾಕೆ? a, b ಎರಡಕ್ಕೂ ಪ್ಲಸ್ ಇದೆ, c ಗೂ ಪ್ಲಸ್ ಹಾಕಿ ನೋಡಿ.

ಉಗಿಬಟ್ಟಲು
ಪ್ಲಸ್ ಹಾಕಿದೆ. −94.67 ಬಂತು! ಇದು −111.5ಕ್ಕಿಂತ ಕಡಿಮೆ, ಕುಲುಮೆ ಸರ್ ಹೇಳಿದ ದಿಕ್ಕಿನಲ್ಲೇ ಇದೆ. ಸರಿಹೋಯ್ತು ಅನ್ಸುತ್ತೆ, ಧನ್ಯವಾದ.

ಕುಲುಮೆ
ನಿಲ್ಲಿ, ಇದನ್ನ ಮಾಡೆಲ್‌ಗೆ ಹಾಕಬೇಡಿ. 1/T² ಅನ್ನು ಅನುಕಲನ ಮಾಡಿದರೆ −1/T ಬರುತ್ತೆ, ಆ ಮೈನಸ್ ಅಲ್ಲಿ ಇರಲೇಬೇಕು. ನಿಮ್ಮ ಮೊದಲ ಸೂತ್ರವೇ ಸರಿ. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು ನೋಡಲು ಒಪ್ಪುವಂಥ ಅಂಕಿ ಬಂದಿದೆ, ಹುಡುಕೋಕೆ ಕಷ್ಟವಾದ ತಪ್ಪು ಇದೇ. ಮೂರು ಪದ ಬೇರೆ ಬೇರೆ ಹಾಕಿ ಅಂದಿದ್ದೆ.

ಶಾಖಪ್ರಿಯ
ಉತ್ತರ ಸರಿ ದಿಕ್ಕಿಗೆ ಬಂದಮೇಲೂ ಬೇಡ ಅಂದ್ರೆ ಹೇಗೆ? ಕೆಲವು ಟೇಬಲ್‌ಗಳಲ್ಲಿ c ಯ ಚಿಹ್ನೆಯೇ ಬೇರೆ ಇರುತ್ತೆ.

ಕುಲುಮೆ
ಇದ್ದರೆ ಪರೀಕ್ಷೆ ಸುಲಭ. ಸಾರಜನಕದ a 28.58, b 0.00377, c −50000. 298.15 ಹಾಕಿ: 28.58 + 1.12 − 0.56 = 29.14. ಟೇಬಲ್‌ನ ನೇರ ಮೌಲ್ಯ 29.12. ಚಿಹ್ನೆ ತಿರುಗಿಸಿದರೆ 30.27, ಹೊಂದೋದಿಲ್ಲ. c ಯ ಚಿಹ್ನೆ ಇದ್ದ ಹಾಗೇ ಸರಿ.

ನೀರಾವಿ
ನನ್ನದೂ ಇದೇ ಸಮಸ್ಯೆ, ಇಲ್ಲೇ ಕೇಳ್ತೀನಿ. ಜಲಜನಕ ಉರಿದು ನೀರಾಗೋದು, 150 ಡಿಗ್ರಿಗೆ ಬೇಕು. −285.83 ಇಂದ ಶುರುಮಾಡಿ ನೀರಿನ 75.29 ಹಾಕಿದರೆ −281.9 ಬರ್ತಿದೆ. ಗೈಡ್‌ನಲ್ಲಿ −243 ಅಂತಿದೆ. ನಾನೂ ಚಿಹ್ನೆ ತಿರುಗಿಸಬೇಕಾ?

ಕುಲುಮೆ
ನಿಮ್ಮದು ಬೇರೆ ಸಮಸ್ಯೆ. 150 ಡಿಗ್ರಿಯಲ್ಲಿ, ಒಂದು ಬಾರ್‌ನಲ್ಲಿ ನೀರು ದ್ರವವಾಗಿ ಇರಲ್ಲ. ನಡುವೆ ಕುದಿಯೋ ಹಂತ ದಾಟಿದ್ದೀರಿ, ಆ 40.7 ಕಿಲೋಜೂಲ್ ಎಲ್ಲಿ ಹೋಯ್ತು? ಸುಲಭ ದಾರಿ ಅಂದರೆ ಶುರುವಿನಿಂದಲೇ ಆವಿಯ −241.82 ತಗೊಂಡು ಆವಿಯ ಸಿಪಿ 33.58 ಬಳಸೋದು. ಆಗ ΔCp −9.92, ಅದನ್ನ 125ರಿಂದ ಗುಣಿಸಿದರೆ −1.24, ಉತ್ತರ −243.06. ದ್ರವದ ದಾರಿಯಲ್ಲೇ ಹೋಗಬೇಕೆಂದರೆ 100 ಡಿಗ್ರಿವರೆಗೆ ದ್ರವ, ಅಲ್ಲಿ 40.66 ಕೂಡಿಸಿ, ಮುಂದೆ ಆವಿ. −243.3 ಬರುತ್ತೆ. ಆ 0.2 ವ್ಯತ್ಯಾಸಕ್ಕೆ ಒಂದು ಕಾರಣ, 100 ಡಿಗ್ರಿ ಹತ್ತಿರ ನಿಜವಾದ ಆವಿಯ ಸಿಪಿ 33.58ಕ್ಕಿಂತ ಹೆಚ್ಚು.

ನೀರಾವಿ
ಸರಿ ಸರ್, ಆವಿಯ ದಾರೀಲೇ ಮಾಡ್ತೀನಿ.

ಉಗಿಬಟ್ಟಲು
ಮೈನಸ್ ವಾಪಸ್ ಹಾಕಿದೆ. ಮೂರು ಪದ, ಜೂಲ್‌ನಲ್ಲಿ: a ಯದ್ದು −21641, b ಯದ್ದು +3699, c ಯದ್ದು −15489.

ಕುಲುಮೆ
ಸಿಕ್ಕಿತು. c ಯ ಪದ ಅಷ್ಟು ದೊಡ್ಡದಾಗೋಕೆ ಸಾಧ್ಯವೇ ಇಲ್ಲ. ಈ ರೂಪದಲ್ಲಿ ಅದು ತಣ್ಣಗಿನ ತುದಿಯನ್ನ ಸ್ವಲ್ಪ ಸರಿಪಡಿಸೋ ಪದ, ಸಾವಿರ ಜೂಲ್ ಆಸುಪಾಸು ಇರಬೇಕು. C1, C2 ಸೆಲ್‌ಗಳಲ್ಲಿ ಏನಿದೆ? 25 ಮತ್ತು 450 ಇದೆ ಅಲ್ಲವಾ?

ಉಗಿಬಟ್ಟಲು
ಹೌದು, 25 ಮತ್ತು 450. ಆದರೆ ಸ್ಥಿರ ಸಿಪಿ ಲೆಕ್ಕಕ್ಕೂ ಅದೇ ಸೆಲ್‌ಗಳು, ಅಲ್ಲಿ ಸರಿ ಬರ್ತಿತ್ತಲ್ಲ?

ಕುಲುಮೆ
ಅಲ್ಲಿ ಬೇಕಾದ್ದು ವ್ಯತ್ಯಾಸ ಮಾತ್ರ. 450ರಲ್ಲಿ 25 ಕಳೆದರೂ 723.15ರಲ್ಲಿ 298.15 ಕಳೆದರೂ 425. a ಪದವೂ ಅದಕ್ಕೇ ತಪ್ಪಿಲ್ಲ. ವರ್ಗಗಳ ವ್ಯತ್ಯಾಸ, ವಿಲೋಮಗಳ ವ್ಯತ್ಯಾಸ ಹಾಗಲ್ಲ. ನಿಮ್ಮ ಶೀಟ್ 25 ಕೆಲ್ವಿನ್‌ನಿಂದ ಅನುಕಲನ ಶುರುಮಾಡಿದೆ, ಅಲ್ಲಿ 1/T ಅಗಾಧ. ಸಾರಜನಕಕ್ಕೆ 25 ಹಾಕಿ ನೋಡಿ: 28.58 + 0.09 − 80, ಅಂದರೆ −51. ಸಿಪಿ ಋಣಾತ್ಮಕ ಬಂದರೆ ಅಲ್ಲೇ ನಿಲ್ಲಿಸಬೇಕು. ಎರಡೂ ಸೆಲ್‌ಗೆ 273.15 ಕೂಡಿಸಿ.

ಶಾಖಪ್ರಿಯ
ಇದನ್ನ ಒಪ್ಪಲ್ಲ. ಕೆಮಿಕಲ್ ಎಂಜಿನಿಯರಿಂಗ್ ಪಠ್ಯದ ಟೇಬಲ್‌ಗಳಲ್ಲಿ ಗುಣಾಂಕಗಳು ಸೆಲ್ಸಿಯಸ್‌ಗೇ ಇರುತ್ತವೆ. ನಾನು ಬಳಸೋದು ಅದನ್ನೇ, ಅಲ್ಲಿ ಕೆಲ್ವಿನ್ ಹಾಕಿದರೇನೇ ತಪ್ಪು.

ಕುಲುಮೆ
ನಿಮ್ಮ ಟೇಬಲ್‌ಗೆ ಅದು ಸರಿ. ಅಂಥ ಟೇಬಲ್ ಇವೆ, a + bT + cT² + dT³ ರೂಪದಲ್ಲಿ. ಅಲ್ಲಿ ಸೊನ್ನೆ ಡಿಗ್ರಿ ಹಾಕಿದರೆ ಸಿಪಿ ನೇರವಾಗಿ a ಆಗುತ್ತೆ, ತೊಂದರೆ ಇಲ್ಲ. c/T² ಇರೋ ರೂಪದಲ್ಲಿ ಸೊನ್ನೆ ಸೆಲ್ಸಿಯಸ್ ಹಾಕಿದರೆ ಭಾಗಾಕಾರವೇ ಆಗಲ್ಲ, ಹಾಗಾಗಿ ಅದು ಕೆಲ್ವಿನ್‌ನದ್ದೇ. ಯಾವ ಟೇಬಲ್ ಆದರೂ ಮೊದಲು 25 ಡಿಗ್ರಿಯ ಸಿಪಿ ಬರುತ್ತಾ ಅಂತ ನೋಡಿ, ಆಮೇಲೆ ಅನುಕಲನ.

ಉಗಿಬಟ್ಟಲು
ಕೂಡಿಸಿದೆ. ಈಗ −21641, +7954, −808. ಮೊತ್ತ −14495. ΔH −106.7.

ಕುಲುಮೆ
ಸರಿ. ಶೀಟ್ ನೋಡದೆ ಪರೀಕ್ಷಿಸೋ ದಾರಿ ಒಂದಿದೆ. ಎರಡು ತಾಪಮಾನಗಳ ನಡುವಿನ 510.65 ಕೆಲ್ವಿನ್‌ನಲ್ಲಿ ΔCp ತೆಗೆಯಿರಿ: −50.92 + 18.71 − 1.57 = −33.8. ಅದನ್ನ 425ರಿಂದ ಗುಣಿಸಿದರೆ −14.36 ಕಿಲೋಜೂಲ್. −14.5ಕ್ಕೆ ಅಷ್ಟು ಹತ್ತಿರ ಬಂದರೆ ಅನುಕಲನದಲ್ಲಿ ದೊಡ್ಡ ತಪ್ಪಿಲ್ಲ.

ಪೈಥಾನ್_ಗೌಡ
ಶೀಟ್‌ನಲ್ಲಿ ಇದೇ ಗೋಳು, ಯಾವ ಸೆಲ್‌ನಲ್ಲಿ ಯಾವ ಘಟಕ ಅಂತ ಕಾಣಲ್ಲ. ನನ್ನ ಹತ್ರ ನಲವತ್ತು ಅನಿಲಗಳ ಗುಣಾಂಕ ಒಂದೇ ಫೈಲ್‌ನಲ್ಲಿವೆ. ಯಾವ ಕ್ರಿಯೆ ಕೊಟ್ಟರೂ 300ರಿಂದ 1500 ಕೆಲ್ವಿನ್‌ವರೆಗೆ ಗ್ರಾಫ್ ಸಮೇತ ಬರುತ್ತೆ. ಇಲ್ಲಿಗೆ ಬೇಕಾದಷ್ಟು:

```python
a, b, c = -50.92, 36.65e-3, -4.10e5
T0, T = 298.15, 450 + 273.15
dH = -92220 + a*(T-T0) + b/2*(T**2-T0**2) - c*(1/T-1/T0)
print(round(dH/1000, 1))
```

ಗ್ರಾಂ_ಮೋಲ್
ಶುರುವಿನ −92.22 ಹಳೇದು. ಅಮೋನಿಯಾಕ್ಕೆ −46.11 ಬದಲು ಜಾನಾಫ್‌ನ −45.90 ಹಾಕಿ, ಆಗ −91.80. ನಾಲ್ಕು ಅಂಕಿ ಬರೆಯೋರು ಅದನ್ನೂ ಗಮನಿಸಬೇಕು.

ಪೈಥಾನ್_ಗೌಡ
0.4 ಕಿಲೋಜೂಲ್‌ಗೆ ಬೆಡ್ ತಾಪಮಾನ ಏನೂ ಬದಲಾಗಲ್ಲ ರೀ.

ಕುಲುಮೆ
ಗ್ರಾಂ_ಮೋಲ್ ಹೇಳಿದ್ದು ಸರಿ. ಅದೇ ಜಾನಾಫ್ ಟೇಬಲ್‌ನಲ್ಲಿ 700 ಕೆಲ್ವಿನ್‌ಗೆ ಎರಡು ಮೋಲ್ ಅಮೋನಿಯಾ ಸುಮಾರು −105.2. ನಮ್ಮ ಸೂತ್ರ ಅಲ್ಲಿ −106.1 ಕೊಡುತ್ತೆ. ಆ ಅಂತರದಲ್ಲಿ ಅರ್ಧದಷ್ಟು ಶುರುವಿನ ಅಂಕಿಯದ್ದು, ಉಳಿದದ್ದು ಮೂರೇ ಗುಣಾಂಕದಲ್ಲಿ ಸಿಪಿ ಹಿಡಿಯೋದರ ಮಿತಿ. ಎಲ್ಲ ಮೌಲ್ಯವೂ ಒಂದೇ ಟೇಬಲ್‌ನಿಂದ ತಗೊಳ್ಳಿ, ಬೆರೆಸಬೇಡಿ.

ಶಾಖಪ್ರಿಯ
ಉಗಿಬಟ್ಟಲು ಅವರೇ, ಕನ್ವರ್ಟರ್ ಒತ್ತಡ ಎಷ್ಟು? ಇಷ್ಟು ಹೊತ್ತು ಒಂದು ಬಾರ್‌ನ ಆದರ್ಶ ಅನಿಲಕ್ಕೆ ಲೆಕ್ಕ ನಡೀತಿದೆ.

ಉಗಿಬಟ್ಟಲು
200 ಬಾರ್. ಅದು ಮುಖ್ಯ ಅಂತ ಅನ್ಸಿರಲಿಲ್ಲ.

ಶಾಖಪ್ರಿಯ
ಹಾಗಾದರೆ −106.7 ಕೂಡ ಆ ಬೆಡ್‌ನ ಉತ್ತರ ಅಲ್ಲ. ಅಷ್ಟು ಒತ್ತಡದಲ್ಲಿ ಅಮೋನಿಯಾದ ಎಂಥಾಲ್ಪಿ ಆದರ್ಶಕ್ಕಿಂತ ಕೆಳಗೆ ಇರುತ್ತೆ, ಹೊರಬರೋ ಶಾಖ ಇನ್ನೂ ಹೆಚ್ಚು.

ಕುಲುಮೆ
ಈ ಮಾತು ಸರಿ. ಸಿಪಿ ಲೆಕ್ಕ ತಾಪಮಾನವನ್ನಷ್ಟೇ ನೋಡಿಕೊಳ್ಳುತ್ತೆ, ಒತ್ತಡದ ತಿದ್ದುಪಡಿಯನ್ನ ಅದರ ಮೇಲೆ ಬೇರೆ ಕೂಡಿಸಬೇಕು. ಅದಕ್ಕೆ ಒಳಹೋಗೋ, ಹೊರಬರೋ ಅನಿಲದ ಸಂಯೋಜನೆ ಬೇಕು, ಬೆಡ್‌ನಲ್ಲಿ ಎಲ್ಲವೂ ಪೂರ್ತಿ ಅಮೋನಿಯಾ ಆಗಲ್ಲವಲ್ಲ. ಯಾವ ಸ್ಥಿತಿ ಸಮೀಕರಣ ಬಳಸ್ತಿದ್ದೀರಿ?

ಪೈಥಾನ್_ಗೌಡ
ಪೆಂಗ್–ರಾಬಿನ್ಸನ್ ಹಾಕಿ, ನನ್ನ ಫೈಲ್‌ನಲ್ಲಿ ಅದೂ ಇದೆ.

ಗ್ರಾಂ_ಮೋಲ್
ಜಲಜನಕ ಇರೋ ಮಿಶ್ರಣಕ್ಕೆ ಅದನ್ನ ಹಾಗೇ ಹಾಕಿದರೆ ಆಗಲ್ಲ, ಜೋಡಿ ಗುಣಾಂಕಗಳು ಬೇಕು. ಅವನ್ನ ಎಲ್ಲಿಂದ ತಂದಿದ್ದೀರಿ?

ಉಗಿಬಟ್ಟಲು
ಇನ್‌ಲೆಟ್ ಸಂಯೋಜನೆ ಇದೆ, ಔಟ್‌ಲೆಟ್‌ದು ಇಲ್ಲ. ಅದನ್ನ ಹಿಡಿಯೋಕೇ ಈ ಹೀಟ್ ಬ್ಯಾಲೆನ್ಸ್ ಶುರುಮಾಡಿದ್ದು. ಸದ್ಯಕ್ಕೆ −106.7 ಹಾಕಿ ಒಂದು ಸುತ್ತು ಓಡಿಸ್ತೀನಿ. ಗೌಡ್ರೇ, ಆ ಜೋಡಿ ಗುಣಾಂಕ ಇದ್ದರೆ ಇಲ್ಲೇ ಹಾಕ್ತೀರಾ?